ಅಡಿಕೆ ದುಡ್ಡಿಗೆ ತೆರಿಗೆ ಇಲ್ಲ, ಆದರೂ ಬ್ಯಾಂಕು ವರದಿ ಕಳಿಸಿದೆ. ರಿಟರ್ನ್ ಹಾಕಬೇಕೇ?

ಪ್ರಶ್ನೆ: ನಮಗೆ ತೀರ್ಥಹಳ್ಳಿ ಹತ್ತಿರ ನಾಲ್ಕು ಎಕರೆ ಅಡಿಕೆ ತೋಟ. 2025-26ರಲ್ಲಿ ನನ್ನ ಉಳಿತಾಯ ಖಾತೆಗೆ ಒಟ್ಟು 14 ಲಕ್ಷ ನಗದು ಕಟ್ಟಿದ್ದೇನೆ. ನನ್ನ ಮತ್ತು ಹೆಂಡತಿಯ ಹೆಸರಲ್ಲಿ ಶಿವಮೊಗ್ಗದಲ್ಲಿ 36 ಲಕ್ಷಕ್ಕೆ ಸೈಟು ರಿಜಿಸ್ಟರ್ ಆಗಿದೆ. ಕೃಷಿ ಬಿಟ್ಟರೆ ಎಫ್‌ಡಿ ಬಡ್ಡಿ 54 ಸಾವಿರ ಅಷ್ಟೇ. ಬ್ಯಾಂಕಿನವರು "ಇದೆಲ್ಲ ಇನ್‌ಕಮ್ ಟ್ಯಾಕ್ಸಿಗೆ ಹೋಗುತ್ತೆ" ಅಂದರು. ನಾನೇನಾದರೂ ತಿಳಿಸಬೇಕಾ?

ಉತ್ತರ: ತಿಳಿಸುವ ಕೆಲಸ ನಿಮ್ಮದಲ್ಲ, ಅದು ಆಗಲೇ ಆಗಿರುತ್ತದೆ. ಒಬ್ಬರ ಉಳಿತಾಯ ಖಾತೆಗೆ ವರ್ಷದಲ್ಲಿ 10 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಬಿದ್ದರೆ ಬ್ಯಾಂಕು ಇಲಾಖೆಗೆ ಪಟ್ಟಿ ಕಳಿಸುತ್ತದೆ. 30 ಲಕ್ಷ ಮತ್ತು ಮೇಲ್ಪಟ್ಟ ಆಸ್ತಿ ನೋಂದಣಿಯಾದರೆ ಆ ಕೆಲಸ ಸಬ್ ರಿಜಿಸ್ಟ್ರಾರ್ ಕಚೇರಿಯದು. ಪತ್ರದಲ್ಲಿ 27 ಲಕ್ಷ ಬರೆಸಿ ಸರ್ಕಾರಿ ಮಾರ್ಗಸೂಚಿ ಬೆಲೆ 31 ಲಕ್ಷ ಇದ್ದರೂ ಅದು ಹೋಗುತ್ತದೆ. "ಕಡಿಮೆ ತೋರಿಸಿದ್ದೀವಿ, ಗೊತ್ತಾಗಲ್ಲ" ಅನ್ನುವವರು ಇದನ್ನು ಮರೆತಿರುತ್ತಾರೆ. ವರ್ಷ ಮುಗಿದ ಮೇಲೆ ಮೇ 31ರೊಳಗೆ ಈ ವರದಿಗಳು ಸಲ್ಲಿಕೆಯಾಗಬೇಕು. ಆಮೇಲೆ ನಿಮ್ಮ ಪ್ಯಾನ್ ಅಡಿಯ ಎಐಎಸ್ ಎಂಬ ವಾರ್ಷಿಕ ವಿವರದಲ್ಲಿ ಕಾಣಿಸುತ್ತವೆ. ವರದಿ ಹೋಯಿತು ಅಂದಮಾತ್ರಕ್ಕೆ ತೆರಿಗೆ ಬಿತ್ತು ಅಂತಲ್ಲ. ಈ ಪ್ಯಾನಿನವರ ಕೈಯಲ್ಲಿ ಇಷ್ಟು ದುಡ್ಡು ಓಡಾಡಿದೆ ಅಂತ ಇಲಾಖೆಗೆ ಗೊತ್ತಾಯಿತು, ಅಷ್ಟೇ.

ರಿಟರ್ನ್ ಕಡ್ಡಾಯವೇ ಅನ್ನುವುದು ಬೇರೆ ಪ್ರಶ್ನೆ. ಜನ ಈ 10 ಲಕ್ಷವನ್ನೂ ರಿಟರ್ನಿನ ಮಿತಿಯನ್ನೂ ಒಂದೇ ಅಂದುಕೊಳ್ಳುತ್ತಾರೆ. ಆದಾಯ ಮಿತಿಯೊಳಗಿದ್ದರೂ ರಿಟರ್ನ್ ಹಾಕಲೇಬೇಕಾದ ಕೆಲವು ಸಂದರ್ಭಗಳಿವೆ: ಉಳಿತಾಯ ಖಾತೆಗಳಿಗೆ ವರ್ಷದಲ್ಲಿ 50 ಲಕ್ಷ ಜಮೆ, ಚಾಲ್ತಿ ಖಾತೆಗೆ ಕೋಟಿ ದಾಟಿದ ಜಮೆ, 25 ಸಾವಿರ ಟಿಡಿಎಸ್, 1 ಲಕ್ಷ ಮೀರಿದ ಕರೆಂಟ್ ಬಿಲ್, 2 ಲಕ್ಷ ಮೀರಿದ ವಿದೇಶ ಪ್ರವಾಸದ ಖರ್ಚು, ಇಂಥವು. ಸೈಟು ಕೊಂಡದ್ದು ಈ ಪಟ್ಟಿಯಲ್ಲಿಲ್ಲ.

ಇಲ್ಲಿ ಒಂದು ಸೂಕ್ಷ್ಮ ಇದೆ. 10 ಲಕ್ಷದ ನಿಯಮ ನಗದಿಗೆ ಮಾತ್ರ. 50 ಲಕ್ಷದ ನಿಯಮದಲ್ಲಿ "ನಗದು" ಎಂಬ ಮಾತೇ ಇಲ್ಲ, ಬರೀ "ಜಮೆ" ಅಂತಿದೆ. ಹಾಗಾಗಿ ಪಾಸ್‌ಬುಕ್ ತೆಗೆದು ಜಮೆಯ ಕಾಲಂ ಕೂಡಿಸಿ. ನೀವು ಕಳಿಸಿದ ಪ್ರತಿಯಲ್ಲಿ ನಗದು 14 ಲಕ್ಷ, ಮುರಿದ ಎಫ್‌ಡಿ 9 ಲಕ್ಷ, ಸೊಸೈಟಿ ಸಾಲ 10 ಲಕ್ಷ, ಬಾಮೈದ ಹಾಕಿದ 3 ಲಕ್ಷ, ಮಂಡಿಯಿಂದ ಆರ್‌ಟಿಜಿಎಸ್‌ನಲ್ಲಿ ಬಂದ 7 ಲಕ್ಷ ಸೇರಿ 43 ಲಕ್ಷ ಆಗುತ್ತದೆ. ಇನ್ನೊಂದು ಬ್ಯಾಂಕಿನಲ್ಲಿ ಖಾತೆ ಇದ್ದರೆ ಅದನ್ನೂ ಸೇರಿಸಿ. 50 ಮುಟ್ಟದಿದ್ದರೆ ರಿಟರ್ನ್ ಕಡ್ಡಾಯವಲ್ಲ.

ಆದರೂ ಹಾಕಿ ಅಂತಲೇ ನನ್ನ ಸಲಹೆ. ಬಡ್ಡಿ 50 ಸಾವಿರ ದಾಟಿದ್ದಕ್ಕೆ ಬ್ಯಾಂಕು 5,400 ಹಿಡಿದಿದೆ, ರಿಟರ್ನ್ ಇಲ್ಲದೆ ಅದು ವಾಪಸ್ ಬರುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ನೋಟಿಸು ಬಂದಮೇಲೆ ಅಡಿಕೆ ಲೆಕ್ಕ ಬರೆಯಲು ಕೂರುವುದಕ್ಕಿಂತ ಮೊದಲೇ ಬರೆದಿಟ್ಟದ್ದಕ್ಕೆ ತೂಕ ಜಾಸ್ತಿ. ಕೃಷಿ ಆದಾಯ 5 ಸಾವಿರ ದಾಟಿದವರಿಗೆ ಐಟಿಆರ್-1 ನಡೆಯುವುದಿಲ್ಲ, ನಿಮ್ಮದು ಐಟಿಆರ್-2. ಖರ್ಚು ಕಳೆದ ಕೃಷಿ ಆದಾಯ 5 ಲಕ್ಷ ಮೀರಿದರೆ ಜಮೀನು ಇರುವ ಜಿಲ್ಲೆ ಮತ್ತು ಪಿನ್‌ಕೋಡ್, ಎಷ್ಟು ಎಕರೆ, ಸ್ವಂತದ್ದೋ ಗೇಣಿಯದೋ, ನೀರಾವರಿಯೋ ಮಳೆಯಾಶ್ರಿತವೋ ಅಂತ ಕೇಳುತ್ತದೆ. ಪಹಣಿ ಎದುರಿಗಿಟ್ಟುಕೊಂಡು ತುಂಬಿ.

ಈಗ ನಿಜವಾದ ಕೆಲಸಕ್ಕೆ ಬರೋಣ. 14 ಲಕ್ಷ ಎಲ್ಲಿಂದ ಬಂತು? "ಎಲ್ಲಾ ಅಡಿಕೆ ದುಡ್ಡು" ಅಂದರೆ ಉತ್ತರ ಆಗುವುದಿಲ್ಲ. ನಿಮ್ಮ ಪತ್ರ ಎರಡು ಸಲ ಓದಿದ ಮೇಲೆ ಅದು ಹೀಗೆ ಬಿಡಿಸಿಕೊಂಡಿತು. ಮನೆ ರಿಪೇರಿಗೆಂದು ಆಗಸ್ಟಿನಲ್ಲಿ ಇದೇ ಖಾತೆಯಿಂದ ತೆಗೆದ 4 ಲಕ್ಷ, ಕೆಲಸ ಮುಂದೆ ಹೋದದ್ದರಿಂದ ನವೆಂಬರಿನಲ್ಲಿ ವಾಪಸ್ ಕಟ್ಟಿದ್ದೀರಿ. ಬ್ಯಾಂಕಿನ ವರದಿಗೆ ಇದು ಹೊಸ ದುಡ್ಡೋ ಹಳೇದೋ ಗೊತ್ತಾಗುವುದಿಲ್ಲ, ಕಟ್ಟಿದ್ದೆಲ್ಲ ಲೆಕ್ಕಕ್ಕೆ ಬಿತ್ತು. ತೆಗೆದ ತಾರೀಖೇ ನಿಮಗೆ ಸಾಕ್ಷಿ. ಕಾಳುಮೆಣಸು ಎರಡು ಸಲ ಮಾರಿ 3.5 ಲಕ್ಷ, ಬಿಲ್ ಇದೆ. ಮನೆಯಲ್ಲಿದ್ದ ಹಳೇ ಉಳಿತಾಯ 1.5 ಲಕ್ಷ, ಇದಕ್ಕೆ ಕಾಗದ ಇಲ್ಲ. ಆದರೆ ಹಿಂದಿನ ವರ್ಷಗಳ ಮಂಡಿ ಪಟ್ಟಿ ತೋರಿಸಿದರೆ ನಾಲ್ಕು ಎಕರೆಯವರ ಮನೆಯಲ್ಲಿ ಅಷ್ಟು ಉಳಿದಿತ್ತು ಅನ್ನುವುದು ನಂಬುವ ಮಾತೇ. ಉಳಿದ 5 ಲಕ್ಷ, ಮನೆ ಬಾಗಿಲಿಗೆ ಬಂದ ವ್ಯಾಪಾರಿಗೆ ಕೊಟ್ಟ ಅಡಿಕೆಯದು.

ನನಗೆ ಚಿಂತೆ ಇರುವುದು ಈ 5 ಲಕ್ಷದ್ದೇ. ಅಡಿಕೆ ನಿಮ್ಮ ತೋಟದ್ದು, ಸುಲಿದು ಬೇಯಿಸಿ ಒಣಗಿಸಿದ್ದು ನೀವು, ಆದಾಯಕ್ಕೆ ತೆರಿಗೆ ಇಲ್ಲ. ಆದರೆ ಒಬ್ಬರಿಂದ ಒಂದೇ ದಿನ, ಅಥವಾ ಒಂದೇ ವ್ಯವಹಾರಕ್ಕೆ, 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವಂತಿಲ್ಲ ಅನ್ನುವ ನಿಯಮ ರೈತರಿಗೂ ಅನ್ವಯಿಸುತ್ತದೆ. ದಂಡ ಬೀಳುವುದು ನಗದು ಪಡೆದವರಿಗೆ, ಪಡೆದಷ್ಟೇ ಮೊತ್ತ. ಪೂರ್ತಿ 5 ಲಕ್ಷ ಒಂದೇ ಸಲ ಎಣಿಸಿಕೊಂಡೆ ಅಂತ ನೀವೇ ಬರೆದಿದ್ದೀರಿ. ತಕ್ಕ ಕಾರಣ ತೋರಿಸಿದರೆ ದಂಡ ಹಾಕದಿರಲು ಕಾಯ್ದೆಯಲ್ಲಿ ಅವಕಾಶವಿದೆ, ಅದನ್ನು ನಿಮ್ಮ ಆಡಿಟರ್ ಜೊತೆ ಕೂತು ಮಾತಾಡಿ. ಈಗ ಮೂರು ತಾರೀಖಿನ ಚೀಟಿ ಬರೆಸಲು ಮಾತ್ರ ಹೋಗಬೇಡಿ. ವ್ಯಾಪಾರಿಯ ಪುಸ್ತಕದಲ್ಲಿ ಒಂದೇ ತಾರೀಖಿದ್ದರೆ ತಪ್ಪು ಒಂದಿದ್ದದ್ದು ಎರಡಾಗುತ್ತದೆ. ಮುಂದಿನ ಕೊಯ್ಲಿಗೆ ಖಾತೆಗೇ ಹಾಕಿಸಿಕೊಳ್ಳಿ.

ಮೂಲ ಹೇಳಲಾಗದ ಹಣವನ್ನು ಇಲಾಖೆ ಆದಾಯ ಅಂತಲೇ ಹಿಡಿಯಬಹುದು. ಅದಕ್ಕೆ ವಿಶೇಷ ದರ, 4 ಲಕ್ಷದ ವಿನಾಯಿತಿ ಮಿತಿ ಅಲ್ಲಿ ಲೆಕ್ಕಕ್ಕಿಲ್ಲ, ಮೊದಲ ರೂಪಾಯಿಯಿಂದಲೇ ತೆರಿಗೆ. "ನನ್ನ ಆದಾಯ ಮಿತಿಯೊಳಗಿದೆ" ಎಂಬ ಒಂದು ಸಾಲಿನ ಉತ್ತರ ಅದಕ್ಕೇ ಸಾಲದು.

ಸೈಟಿನ 36 ಲಕ್ಷಕ್ಕೆ ಈ 14, ಎಫ್‌ಡಿ 9, ಸಾಲ 10, ಬಾಮೈದರ 3 ಸರಿಯಾಗಿ ಕೂಡುತ್ತದೆ. ಸ್ಟ್ಯಾಂಪ್ ಮತ್ತು ನೋಂದಣಿ ಖರ್ಚು ಮಾತ್ರ ಹೊರಗುಳಿದಿದೆ. ಮಂಡಿಯ 7 ಲಕ್ಷದಲ್ಲಿ ಕಟ್ಟಿದ್ದಾದರೆ ಅದನ್ನೂ ಬರೆದಿಡಿ. ಬಾಮೈದರದು ಸಾಲವೋ ಉಡುಗೊರೆಯೋ ಅಂತ ಅವರಿಂದ ಒಂದು ಪತ್ರ ತೆಗೆದುಕೊಳ್ಳಿ.

ಕೊನೆಗೆ, ನಿಮ್ಮ ಹೆಂಡತಿಯವರ ಪ್ಯಾನ್ ಹಾಕಿ ಅವರ ಎಐಎಸ್ ಕೂಡ ತೆರೆಯಿರಿ. ಜಂಟಿ ಹೆಸರಿನ ಆಸ್ತಿಯಾದರೆ ವರದಿ ಕೊಡುವವರು ಅರ್ಧರ್ಧ ಮಾಡದೆ ಇಬ್ಬರಿಗೂ ಪೂರ್ತಿ ಮೊತ್ತವನ್ನೇ ತೋರಿಸಿರಬಹುದು. ಅವರಿಗೆ ಸ್ವಂತ ಆದಾಯವೇ ಇಲ್ಲದಿದ್ದರೂ 36 ಲಕ್ಷದ ಖರೀದಿ ಕಾಣಿಸಬಹುದು. ಹಾಗಿದ್ದರೆ ಆ ಸಾಲಿನ ಮುಂದೆ Information is not fully correct ಆಯ್ದು ಅವರು ಕೊಟ್ಟ ಪಾಲನ್ನಷ್ಟೇ ನಮೂದಿಸಿ. ಏನೂ ಕೊಟ್ಟಿಲ್ಲವೆಂದರೆ, ಹಣವೆಲ್ಲ ಗಂಡನ ಖಾತೆಯಿಂದ ಹೋದದ್ದು ಅನ್ನುವುದಕ್ಕೆ ನಿಮ್ಮ ಪಾಸ್‌ಬುಕ್ಕಿನ ಪ್ರತಿ ಅವರ ಫೈಲಿನಲ್ಲೂ ಇರಲಿ.