ತೂಕ ಅಷ್ಟೇ ಇದೆ, ದೇಹ ಕರಗಿದೆ: ಕೇಸ್ ಶೀಟಿನಲ್ಲಿ ಏನು ಬರೆಯಬೇಕು

ಲಿವರ್ ಸಿರೋಸಿಸ್ ಇರುವ 58 ವರ್ಷದ ಗಂಡಸೊಬ್ಬರ ಉದಾಹರಣೆ ತೆಗೆದುಕೊಳ್ಳೋಣ. ಆರು ತಿಂಗಳ ಹಿಂದೆ ಅವರ ತೂಕ 61 ಕಿಲೋ, ಆಸ್ಪತ್ರೆಗೆ ದಾಖಲಾದ ದಿನ 60. ಲೆಕ್ಕಕ್ಕೆ ಇಳಿದದ್ದು ಒಂದೇ ಕಿಲೋ. ಆದರೆ ಹೊಟ್ಟೆಯಲ್ಲಿ ನೀರು ತುಂಬಿದೆ, ಕಾಲು ಊದಿದೆ. ಒಂದು ಲೀಟರ್ ನೀರಿನ ತೂಕ ಸುಮಾರು ಒಂದು ಕಿಲೋ. ಮರುದಿನ ಹೊಟ್ಟೆಯಿಂದ 5 ಲೀಟರ್ ತೆಗೆದಾಗ ತೂಕ 55ಕ್ಕೆ ಬರುತ್ತದೆ. ಅಂದರೆ ಸುಮಾರು ಶೇ. 10ರಷ್ಟು ತೂಕ ಹೋಗಿತ್ತು, ಅದರ ಜಾಗದಲ್ಲಿ ನೀರು ಕೂತಿತ್ತು. ಕಾಲಿನಲ್ಲಿ ನೀರು ಇನ್ನೂ ಉಳಿದಿರುವುದರಿಂದ ನಿಜವಾದ ನಷ್ಟ ಇದಕ್ಕಿಂತಲೂ ಹೆಚ್ಚು.

ಇಂಥ ರೋಗಿಯಲ್ಲಿ ತೂಕದ ಯಂತ್ರವನ್ನು ನಂಬುವಂತಿಲ್ಲ, ಡಯೆಟಿಷಿಯನ್ ಕೈಯಿಂದ ಮುಟ್ಟಿಯೇ ನೋಡಬೇಕು. ಎಲ್ಲಿ ನೋಡಬೇಕೆಂಬುದನ್ನೂ ನೀರೇ ತೀರ್ಮಾನಿಸುತ್ತದೆ. ಊದಿದ ಮೀನಖಂಡ ಹಿಡಿದರೆ ತುಂಬಿಕೊಂಡಂತೆಯೇ ಅನಿಸುತ್ತದೆ, ಒಳಗೆ ಸ್ನಾಯು ಎಷ್ಟಿದೆಯೋ ತಿಳಿಯುವುದಿಲ್ಲ. ಮೇಲಾಗಿ ಹಾಸಿಗೆ ಹಿಡಿದವರಲ್ಲಿ ಓಡಾಟವಿಲ್ಲದೆಯೂ ಕಾಲು ಸಣ್ಣಗಾಗುತ್ತದೆ. ಹಾಗಾಗಿ ದೇಹದ ಮೇಲ್ಭಾಗದಿಂದ ಶುರುಮಾಡುವುದು ಒಳ್ಳೆಯದು.

ಮೊದಲು ಕಣ್ಣಿನ ಪಕ್ಕದ ಕಣತಲೆ. ಎದುರಿಗೆ ನಿಂತು ನೋಡಿ, ಆಮೇಲೆ ತಲೆಯನ್ನು ಒಂದೊಂದೇ ಪಕ್ಕಕ್ಕೆ ತಿರುಗಿಸಲು ಹೇಳಿ. ಹಲ್ಲು ಕಚ್ಚಲು ಹೇಳಿ ಬೆರಳಿಟ್ಟರೆ ಸ್ನಾಯು ಗಟ್ಟಿಯಾಗುವುದು ತಿಳಿಯಬೇಕು. ಸ್ವಲ್ಪ ತಗ್ಗಿದ್ದರೆ ಅಲ್ಪ ನಷ್ಟ, ಗುಳಿಯಾಗಿದ್ದರೆ ತೀವ್ರ ನಷ್ಟ. ಆಮೇಲೆ ಕೊರಳೆಲುಬು ಮತ್ತು ಭುಜ. ಗಂಡಸರಲ್ಲಿ ಕೊರಳೆಲುಬು ಸಾಮಾನ್ಯವಾಗಿ ಎದ್ದು ಕಾಣುವುದಿಲ್ಲ, ಹೆಂಗಸರಲ್ಲಿ ಕಂಡರೂ ಹೊರಗೆ ಚಾಚಿರುವುದಿಲ್ಲ. ಇದನ್ನು ಮರೆತರೆ ಆರೋಗ್ಯವಂತ ಹೆಣ್ಣುಮಗಳಲ್ಲೂ ನಷ್ಟ ಬರೆದುಬಿಡುತ್ತೇವೆ. ತೋಳನ್ನು ಪಕ್ಕಕ್ಕೆ ಇಳಿಬಿಟ್ಟಾಗ ಭುಜ ದುಂಡಗಿರಬೇಕು. ಎಲುಬಿನ ತುದಿ ಎದ್ದು ಭುಜ ಚೌಕಾಕಾರವಾಗಿದ್ದರೆ ನಷ್ಟ ತೀವ್ರ.

ಕೊಬ್ಬಿಗೆ ತೋಳಿನ ಹಿಂಭಾಗ ನೋಡಿ. ಮೊಣಕೈ ಮಡಿಸಲು ಹೇಳಿ, ಚರ್ಮ ಮತ್ತು ಕೊಬ್ಬನ್ನು ಚಿವುಟಿ ಹಿಡಿದು ಬೆರಳುಗಳ ನಡುವೆ ಹೊರಳಿಸಿ, ಕೆಳಗಿನ ಸ್ನಾಯು ಜಾರಿ ಬಿಟ್ಟುಹೋಗಬೇಕು. ಆಗ ಎರಡು ಬೆರಳು ಹೆಚ್ಚುಕಡಿಮೆ ಒಂದಕ್ಕೊಂದು ತಾಗಿದರೆ ಕೊಬ್ಬು ತೀವ್ರವಾಗಿ ಕರಗಿದೆ. ಸ್ನಾಯುವನ್ನೂ ಸೇರಿಸಿ ಹಿಡಿದರೆ ಕೊಬ್ಬು ಸಾಕಷ್ಟಿದೆ ಎಂದು ತಪ್ಪು ತಿಳಿಯುತ್ತೇವೆ. ಈ ಪರೀಕ್ಷೆಯಲ್ಲಿ ಹೊಸಬರು ಹೆಚ್ಚು ಎಡವುವುದು ಇಲ್ಲೇ. ಕಣ್ಣಿನ ಕೆಳಗಿನ ಕೊಬ್ಬನ್ನೂ ನೋಡುತ್ತೇವೆ, ಆದರೆ ಮುಖ ಊದಿದ್ದರೆ ಆ ಜಾಗವನ್ನು ನೆಚ್ಚಬೇಡಿ.

ಇನ್ನು ಬಾವು. ಮೊಣಕಾಲಿನ ಕೆಳಗೆ, ಮುಂಭಾಗದ ಎಲುಬಿನ ಮೇಲೆ ಹೆಬ್ಬೆರಳಿನಿಂದ ಸುಮಾರು 5 ಸೆಕೆಂಡ್ ಒತ್ತಿ ಬಿಡಿ. ಸಾಮಾನ್ಯ ರೂಢಿಯಲ್ಲಿ 2 ಮಿ.ಮೀ. ಗುಳಿಗೆ 1+, 4ಕ್ಕೆ 2+, 6ಕ್ಕೆ 3+, 8ಕ್ಕೆ 4+. ಎಲ್ಲ ಆಸ್ಪತ್ರೆಗಳ ಅಳತೆಪಟ್ಟಿಯೂ ಒಂದೇ ಥರ ಇರುವುದಿಲ್ಲ, ಅದಕ್ಕೆ ಬರೀ 2+ ಎನ್ನದೆ ಗುಳಿಯ ಆಳವನ್ನೂ ಅದು ತುಂಬಲು ಹಿಡಿದ ಸಮಯವನ್ನೂ ಬರೆಯಿರಿ. ಸದಾ ಮಲಗಿರುವವರಲ್ಲಿ ನೀರು ಬೆನ್ನಿನ ಬುಡಕ್ಕೆ ಇಳಿದಿರುತ್ತದೆ. ಅವರ ಪಾದ ಮಾತ್ರ ನೋಡಿ ಬಾವಿಲ್ಲ ಎಂದು ಬರೆಯಬಾರದು.

ನಮ್ಮ ರೋಗಿಯ ಹಾಳೆಯಲ್ಲಿ "ತುಂಬಾ ಸೊರಗಿದ್ದಾರೆ, ಕಾಲು ಬಾವು" ಎಂದಷ್ಟೇ ಬರೆದರೆ ಮುಂದಿನ ವಾರ ನೋಡುವವರಿಗೆ ಹೋಲಿಸಲು ಏನೂ ಸಿಗುವುದಿಲ್ಲ. ಹೀಗೆ ಬರೆಯಬಹುದು: "ಎರಡೂ ಕಣತಲೆಗಳಲ್ಲಿ ಗುಳಿ, ಕೊರಳೆಲುಬು ಚಾಚಿದೆ, ಭುಜ ಚೌಕಾಕಾರ: ಸ್ನಾಯು ನಷ್ಟ ತೀವ್ರ. ತೋಳಿನ ಹಿಂಭಾಗದಲ್ಲಿ ಚಿವುಟಿದರೆ ಬೆರಳುಗಳು ತಾಗುತ್ತವೆ: ಕೊಬ್ಬಿನ ನಷ್ಟ ತೀವ್ರ. ಎರಡೂ ಕಾಲಿನಲ್ಲಿ 4 ಮಿ.ಮೀ. ಗುಳಿ, 12 ಸೆಕೆಂಡಿನಲ್ಲಿ ತುಂಬಿತು, ಹೊಟ್ಟೆಯಲ್ಲಿ ನೀರು, ಕಾರಣ ಸಿರೋಸಿಸ್. ಬಾವಿನಿಂದಾಗಿ ಮೀನಖಂಡ ಅಳೆಯಲಾಗಲಿಲ್ಲ." ಅಳೆಯಲಾಗದ್ದನ್ನು ಹಾಗೆಂದೇ ಬರೆಯಬೇಕು. ಖಾಲಿ ಬಿಟ್ಟರೆ ಅಲ್ಲಿ ಎಲ್ಲ ಸರಿಯಿದೆ ಎಂದು ಓದಿಕೊಳ್ಳುವವರೇ ಹೆಚ್ಚು.

ಬಾವಿನ ಕಾರಣ ಬರೆಯುವುದಕ್ಕೂ ಅರ್ಥವಿದೆ. ಅಮೆರಿಕದ ಪೋಷಣಾ ಸಂಸ್ಥೆಗಳು 2012ರಲ್ಲಿ ಮುಂದಿಟ್ಟ ಮಾನದಂಡದಲ್ಲಿ ಆರು ಲಕ್ಷಣಗಳಿವೆ: ಕಡಿಮೆ ಆಹಾರ, ತೂಕ ಇಳಿಕೆ, ಸ್ನಾಯು ನಷ್ಟ, ಕೊಬ್ಬಿನ ನಷ್ಟ, ನೀರು ತುಂಬುವಿಕೆ, ಕೈ ಹಿಡಿತದ ಬಲ ಕುಗ್ಗುವಿಕೆ. ಕನಿಷ್ಠ ಎರಡಿದ್ದರೆ ಅಪೌಷ್ಟಿಕತೆ ಎನ್ನಬಹುದು. ಆದರೆ ಈ ರೋಗಿಯ ನೀರು ಲಿವರ್ ಕಾಯಿಲೆಯಿಂದ ಬಂದದ್ದು. ಹೃದಯ ಅಥವಾ ಕಿಡ್ನಿ ಸೋತವರಲ್ಲೂ ಹೀಗೇ ಆಗುತ್ತದೆ. ಅದನ್ನು ದಾಖಲಿಸಿ, ಆದರೆ ಅಪೌಷ್ಟಿಕತೆಯ ಎರಡು ಲಕ್ಷಣಗಳಲ್ಲಿ ಒಂದಾಗಿ ಎಣಿಸಬೇಡಿ. ಇಲ್ಲಿ ಸ್ನಾಯು ಮತ್ತು ಕೊಬ್ಬಿನ ನಷ್ಟವೇ ಸಾಕು. ರಕ್ತದಲ್ಲಿ ಆಲ್ಬುಮಿನ್ ಕಡಿಮೆ ಎಂಬುದನ್ನೂ ಆಧಾರವಾಗಿ ಸೇರಿಸಬೇಡಿ, ಲಿವರ್ ಕೆಟ್ಟಾಗ ಅದು ಹೇಗೂ ಇಳಿಯುತ್ತದೆ.

ನೀರು ತೆಗೆದ ಮೇಲಿನ 55 ಕಿಲೋವನ್ನು ದಿನಾಂಕ ಮತ್ತು ತೆಗೆದ ಪ್ರಮಾಣದ ಜೊತೆ ಬೇರೆ ಸಾಲಿನಲ್ಲಿ ಬರೆಯಿರಿ. ಮುಂದಿನ ತೂಕಗಳನ್ನು ಹೋಲಿಸಬೇಕಾದದ್ದು ಆ ಸಾಲಿಗೆ. ನಾಲ್ಕೇ ದಿನದಲ್ಲಿ ತೂಕ 58ಕ್ಕೆ ಏರಿದರೆ ಅದು ಮತ್ತೆ ತುಂಬಿದ ನೀರು. ಸ್ನಾಯು ಮರಳಲು ವಾರಗಟ್ಟಲೆ ಬೇಕು, ಅದನ್ನು ತಿಳಿಯಲು ಅದೇ ಕಣತಲೆ, ಅದೇ ಭುಜವನ್ನು ಮತ್ತೆ ಮುಟ್ಟಿ ನೋಡಬೇಕು.