ತುಟಿ ಮುಚ್ಚದ ‘ಪ’

ಒಬ್ಬರ ಮುಖಕ್ಕೆ ಇನ್ನೊಬ್ಬರ ಮುಖ ಕೂರಿಸುವ ತಂತ್ರಾಂಶ ಚಹರೆಯನ್ನು ಬದಲಿಸುತ್ತದೆ, ಬಾಯಿಯ ಚಲನೆಯನ್ನಲ್ಲ. ಮೂಲ ನಟ ಇಂಗ್ಲಿಷಿನಲ್ಲಿ ‘ಪ್ಲೀಸ್’ ಎನ್ನಲು ತುಟಿ ಮುಚ್ಚಿದರೆ ಹೊಸ ಮುಖವೂ ಮುಚ್ಚುತ್ತದೆ. ಡಬ್ಬಿಂಗಿನಲ್ಲಿ ಅಲ್ಲಿ ‘ದಯವಿಟ್ಟು’ ಕೇಳಿಸಿದರೆ ಕಿವಿಗೂ ಕಣ್ಣಿಗೂ ಜಗಳ, ಏಕೆಂದರೆ ಆ ಪದದಲ್ಲಿ ತುಟಿ ಪೂರ್ತಿ ಮುಚ್ಚುವ ಅಕ್ಷರವೇ ಇಲ್ಲ.

ಈ ಜಗಳ ಬಿಡಿಸುವ ಪ್ರಯತ್ನ ಡೀಪ್‌ಫೇಕ್‌ಗಿಂತ ಹಳೆಯದು. 1997ರಲ್ಲಿ ಸಂಶೋಧಕ ಬ್ರೆಗ್ಲರ್ ಮತ್ತು ಸಂಗಡಿಗರು ಅಮೆರಿಕದ ಅಧ್ಯಕ್ಷರಾಗಿದ್ದ ಜಾನ್ ಕೆನಡಿಯವರ ಹಳೆಯ ಚಿತ್ರಿಕೆಯಿಂದ ಬಾಯಿಯ ತುಣುಕುಗಳನ್ನು ಕತ್ತರಿಸಿ, ಹೊಸ ಮಾತಿನ ಧ್ವನಿಗಳಿಗೆ ತಕ್ಕಂತೆ ಪೋಣಿಸಿದರು. 2017ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಒಬಾಮರ ಬಾಯಿಯನ್ನು ಧ್ವನಿಯಿಂದಲೇ ರಚಿಸಿದರು, ಆದರೆ ಅದಕ್ಕೆ ಒಬಾಮರದೇ ಹತ್ತು ಗಂಟೆಗೂ ಮೀರಿದ ಭಾಷಣ ಬೇಕಾಯಿತು. ಯಾರ ಮುಖಕ್ಕಾದರೂ, ಯಾವ ಭಾಷೆಗಾದರೂ ಹೊಂದಬೇಕಾದರೆ ಬೇರೆಯೇ ದಾರಿ ಬೇಕಿತ್ತು.

ಅಂಥ ದಾರಿ ಹುಡುಕಿದವರಲ್ಲಿ ನಮ್ಮ ಪಕ್ಕದ ಹೈದರಾಬಾದಿನ ಐಐಐಟಿಯವರೂ ಇದ್ದರು. ಅಲ್ಲಿನ ತಂಡ 2019ರಲ್ಲಿ ಮಾಡಿದ ಎಐ ಮಾದರಿಯು ಮುಖವನ್ನು ಚೆನ್ನಾಗಿ ಬಿಡಿಸುತ್ತಿತ್ತು, ತುಟಿ ಮಾತ್ರ ಎಡವುತ್ತಿತ್ತು. ಕಾರಣ ಸರಳ. ಇಡೀ ಚಿತ್ರ ಮೂಲವನ್ನು ಎಷ್ಟು ಹೋಲುತ್ತದೆ ಎಂದು ಅಂಕ ಕೊಟ್ಟರೆ, ಅದರಲ್ಲಿ ತುಟಿಯ ಪಾಲು ಶೇ 4ಕ್ಕಿಂತ ಕಡಿಮೆ. ಉಳಿದುದನ್ನು ಸರಿಮಾಡಿ ಮಾದರಿ ಪಾಸಾಗಿಬಿಡುತ್ತದೆ. 2020ರ ‘ವಾವ್‌2ಲಿಪ್‌’ನಲ್ಲಿ ಅವರು ಬೇರೆಯೇ ಒಬ್ಬ ಪರೀಕ್ಷಕನನ್ನು ಕೂರಿಸಿದರು. ಐದು ಫ್ರೇಮ್, ಅಂದರೆ 0.2 ಸೆಕೆಂಡಿನ ಚಿತ್ರವನ್ನೂ ಧ್ವನಿಯನ್ನೂ ನೋಡಿ ಇವು ಹೊಂದುತ್ತವೆಯೇ ಎಂದಷ್ಟೇ ಹೇಳುವ ಜಾಲವದು. ಅದನ್ನು ಅಸಲಿ ವಿಡಿಯೊಗಳಲ್ಲಿ ಮೊದಲೇ ತರಬೇತುಗೊಳಿಸಿ, ಆಮೇಲೆ ಕದಲದಂತೆ ಸ್ಥಿರಗೊಳಿಸಿದರು. ಹಳೆಯ ಮಾದರಿಯ ಪರೀಕ್ಷಕ ಶೇ 56ರಷ್ಟು ಸರಿ ಹೇಳುತ್ತಿದ್ದರೆ, ಇದು ಶೇ 91ರಷ್ಟು ಹೇಳಿತು. ನನ್ನ ಪ್ರಕಾರ ಈ ಚರಿತ್ರೆಯ ನಿಜವಾದ ತಿರುವು ಇದೇ.

ಆದರೆ ಅದು ಕೆಲಸ ಮಾಡುವ ಮುಖದ ಗಾತ್ರ 96×96 ಪಿಕ್ಸೆಲ್. ಬದಲಿಸಿದ ಮುಖದ ಮೇಲೆ ಕೊನೆಯಲ್ಲಿ ಇದನ್ನು ಹಾಕಿದರೆ ಮೂಗಿನ ಕೆಳಗೆ ಮಸುಕು ಪಟ್ಟಿ ಬೀಳುತ್ತದೆ, ಹಲ್ಲುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಮೊದಲು ಮೂಲ ನಟನ ತುಟಿ ಹೊಂದಿಸಿ, ಅನಂತರ ಮುಖ ಬದಲಿಸಿದರೆ ಮಸುಕು ಬಹುಪಾಲು ಮರೆಯಾಗುತ್ತದೆ. ಆಗ ಬೇರೆ ತೊಡಕು: ಹೊಸ ಮುಖದ ತರಬೇತಿ ಚಿತ್ರಗಳಲ್ಲಿ ತುಟಿ ಬಿಗಿಯಾಗಿ ಮುಚ್ಚಿದವು ಕಡಿಮೆಯಿದ್ದರೆ ‘ಪ’, ‘ಬ’, ‘ಮ’ಗಳಲ್ಲಿ ಸಣ್ಣ ಸಂದು ಉಳಿದುಬಿಡುತ್ತದೆ.

ಇದೇ ಮೂರು ಧ್ವನಿಗಳಲ್ಲಿ ನಕಲು ಪತ್ತೆಯಾಗಬಲ್ಲದು ಎಂದು 2020ರಲ್ಲಿ ಹನಿ ಫರೀದ್ ಮತ್ತಿತರ ಸಂಶೋಧಕರು ತೋರಿಸಿದರು. ಕನ್ನಡದಲ್ಲಿ ಹುಡುಕುವುದಾದರೆ ‘ಅಪ್ಪ’, ‘ಅಮ್ಮ’ಗಳಂಥ ಒತ್ತಕ್ಷರ ಒಳ್ಳೆಯದು. ಸೆಕೆಂಡಿಗೆ 25 ಫ್ರೇಮಿನ ವಿಡಿಯೊದಲ್ಲಿ ಒಂದು ಫ್ರೇಮ್ 40 ಮಿಲಿಸೆಕೆಂಡ್. ಒತ್ತಿನಲ್ಲಿ ತುಟಿ ಹಲವು ಫ್ರೇಮುಗಳ ಕಾಲ ಮುಚ್ಚಿಯೇ ಇರಬೇಕು. ‘ಕ’, ‘ಟ’, ‘ತ’ಗಳಿಂದ ಪ್ರಯೋಜನವಿಲ್ಲ, ಅವುಗಳ ಕೆಲಸವೆಲ್ಲ ಬಾಯಿಯ ಒಳಗೆ. ಎಲ್ಲ ಪದಗಳಲ್ಲೂ ತುಟಿ ಒಂದೇ ಪ್ರಮಾಣದಲ್ಲಿ ಹಿಂದೆ ಇಲ್ಲವೇ ಮುಂದೆ ಇದ್ದರೆ ಮಾತ್ರ ಅವಸರ ಬೇಡ: ಅದು ಧ್ವನಿ ತಡವಾಗಿ ಅಥವಾ ಬೇಗ ಜೋಡಣೆಯಾದ ಸಾಮಾನ್ಯ ದೋಷವೂ ಇರಬಹುದು.