ದುಬೈಯಲ್ಲಿ ಸಾಲ, ಉಡುಪಿಯಲ್ಲಿ ಸಂಬಳ

ಗಲ್ಫ್‌ನಲ್ಲಿದ್ದಾಗ ಸಾಲ ಮಾಡಿ ಅಲ್ಲೇ ಫ್ಲ್ಯಾಟ್ ಕೊಂಡು, ಆಮೇಲೆ ಊರಿಗೆ ಬಂದು ನೆಲೆಸಿದವರು ಉಡುಪಿಯ ನಮ್ಮ ಆಫೀಸಿಗೆ ಬಂದರೆ ಹೆಚ್ಚಾಗಿ ಹೇಳುವುದು ಒಂದೇ ಮಾತು: "ಸರ್, ಕಂತು ಒಂದೂ ತಪ್ಪಿಸಿಲ್ಲ, ಆದ್ರೂ ಸಾಲ ಇಳಿಯುತ್ತಲೇ ಇಲ್ಲ."

ಇಳಿದಿರುತ್ತದೆ, ದಿರ್ಹಮ್ ಲೆಕ್ಕದಲ್ಲಿ.

2021ರ ಆರಂಭದಲ್ಲಿ 6 ಲಕ್ಷ ದಿರ್ಹಮ್ ಸಾಲ ಬಾಕಿ ಇಟ್ಟುಕೊಂಡು ಮಣಿಪಾಲದಲ್ಲಿ ಕೆಲಸಕ್ಕೆ ಸೇರಿದವರೊಬ್ಬರು ಅಂದುಕೊಳ್ಳಿ. ಬಡ್ಡಿ 4.5%, ಅವಧಿ 15 ವರ್ಷ, ಕಂತು ಸುಮಾರು 4,590 ದಿರ್ಹಮ್. ಆಗ ಒಂದು ದಿರ್ಹಮ್‌ಗೆ ಹತ್ತಿರ ಹತ್ತಿರ 20 ರೂಪಾಯಿ, ಅಂದರೆ ಸಾಲ 1.2 ಕೋಟಿ, ಕಂತು 92 ಸಾವಿರ. ಐದು ವರ್ಷ ತಪ್ಪದೆ ಕಟ್ಟಿದ ಮೇಲೆ ಬಾಕಿ 4.43 ಲಕ್ಷ ದಿರ್ಹಮ್‌ಗೆ ಬಂತು, ಆದರೆ 2025ರ ಕೊನೆಗೆ ದಿರ್ಹಮ್ 24 ರೂಪಾಯಿ ದಾಟಿತ್ತಲ್ವಾ, ಹಾಗಾಗಿ ರೂಪಾಯಿಯಲ್ಲಿ ಇನ್ನೂ 1.06 ಕೋಟಿ ಬಾಕಿ. ಕಟ್ಟಿದ್ದು ಸುಮಾರು 60 ಲಕ್ಷ, ಇಳಿದದ್ದು 14 ಲಕ್ಷ! ಕಂತು ಬೇರೆ 1.10 ಲಕ್ಷಕ್ಕೆ ಏರಿದೆ. ಇದು ಬಡ್ಡಿ ಬದಲಾಗಲಿಲ್ಲ ಎಂದುಕೊಂಡು ಹಾಕಿದ ಲೆಕ್ಕ. ಅಲ್ಲಿನ ಮನೆಸಾಲದಲ್ಲಿ ಸಾಮಾನ್ಯವಾಗಿ ಮೊದಲ ಕೆಲವು ವರ್ಷ ಮಾತ್ರ ಬಡ್ಡಿ ಸ್ಥಿರ.

ದಿರ್ಹಮ್ 1997ರಿಂದ ಡಾಲರಿಗೆ 3.6725ರಂತೆ ಕಟ್ಟಿಹಾಕಿದ ಕರೆನ್ಸಿ. ಡಾಲರ್ ಏರಿದಷ್ಟೂ ನಿಮ್ಮ ಸಾಲ ಏರುತ್ತದೆ.

ಹಾಗಾಗಿ ನಾನು ಮೊದಲು ಕೇಳುವುದು ಫ್ಲ್ಯಾಟಿನ ಬೆಲೆಯನ್ನಲ್ಲ, ಬಾಡಿಗೆಯನ್ನು. ಅದು ದಿರ್ಹಮ್‌ನಲ್ಲೇ ಬರುವ ಕಾರಣ ಅಷ್ಟರ ಮಟ್ಟಿಗೆ ರೂಪಾಯಿ ಬಿದ್ದರೂ ಚಿಂತೆಯಿಲ್ಲ. ತಿಂಗಳಿಗೆ 4,000 ಬಂದು, ಸರ್ವಿಸ್ ಚಾರ್ಜ್ ಕಳೆದು 3,000 ಉಳಿದರೆ, ಊರಿಂದ ಕಳಿಸಬೇಕಾದದ್ದು 1,590 ದಿರ್ಹಮ್ ಮಾತ್ರ. ನಿಮ್ಮ ನಿಜವಾದ ಅಪಾಯ ಅಷ್ಟೇ. ಆದರೆ ಬಾಡಿಗೆದಾರ ಬಿಟ್ಟುಹೋದ ತಿಂಗಳು ಪೂರ್ತಿ ಕಂತು ನಿಮ್ಮ ತಲೆ ಮೇಲೆ. ಆರು ಕಂತಿನಷ್ಟು ದುಡ್ಡು ಅಲ್ಲಿನ ಖಾತೆಯಲ್ಲೇ ಇರಲಿ.

ಅನಿವಾಸಿಯಾಗಿದ್ದಾಗ ಮಾಡಿದ ಸಾಲವನ್ನು ಊರಿಗೆ ಬಂದ ಮೇಲೂ ತೀರಿಸಬಹುದು, ಹೊರದೇಶಕ್ಕೆ ದುಡ್ಡು ಕಳಿಸಲು ಆರ್‌ಬಿಐ ಕೊಟ್ಟಿರುವ, ವರ್ಷಕ್ಕೆ 2.5 ಲಕ್ಷ ಡಾಲರ್ ಮಿತಿಯ ಎಲ್‌ಆರ್‌ಎಸ್ ಯೋಜನೆಯಲ್ಲಿ. ಇಲ್ಲೇ ಇದ್ದುಕೊಂಡು ಅಲ್ಲಿನ ಬ್ಯಾಂಕಿನಲ್ಲಿ ಹೊಸ ಸಾಲ ತೆಗೆಯುತ್ತೇನೆ ಅಂದರೆ ಕಥೆ ಬೇರೆ. ವಿದೇಶಿ ವಿನಿಮಯದ ಕಾಯ್ದೆಯಾದ ಫೆಮಾದಲ್ಲಿ ಅದಕ್ಕೆ ಸಾಮಾನ್ಯವಾಗಿ ಅವಕಾಶವಿಲ್ಲ, ಬಿಲ್ಡರ್‌ನ ಏಜೆಂಟ್ ಏನೇ ಹೇಳಲಿ.

ಇನ್ನು ಗ್ರಾಚ್ಯುಟಿ. ಅದನ್ನು ರೂಪಾಯಿ ಮಾಡಿ ಇಲ್ಲಿ ಎಫ್‌ಡಿ ಇಡುವವರೇ ಜಾಸ್ತಿ. ಹೊರಡುವ ಮುಂಚೆ ಅದರಲ್ಲಿ 2 ಲಕ್ಷ ದಿರ್ಹಮ್ ಸಾಲಕ್ಕೆ ಕಟ್ಟಿದ್ದರೆ ಮೇಲಿನವರ ಕಂತು 3,060ಕ್ಕೆ ಇಳಿಯುತ್ತಿತ್ತು, ಬಾಡಿಗೆಗೆ ಹೆಚ್ಚುಕಡಿಮೆ ಸರಿಹೊಂದುತ್ತಿತ್ತು. ಪೂರ್ತಿ ಸಾಲ ಮುಗಿಸಿದರೆ ಯುಎಇಯಲ್ಲಿ ಶುಲ್ಕ ಬಾಕಿಯ 1% ಅಥವಾ 10,000 ದಿರ್ಹಮ್, ಯಾವುದು ಕಡಿಮೆಯೋ ಅದನ್ನು ಮೀರುವಂತಿಲ್ಲ. ಸ್ವಲ್ಪ ಭಾಗ ಕಟ್ಟುವುದಾದರೆ ನಿಮ್ಮ ಬ್ಯಾಂಕಿನ ಷರತ್ತು ಓದಿಕೊಳ್ಳಿ. ಈಗಲೇ ಕಟ್ಟುವ ಮನಸ್ಸಿಲ್ಲವೇ? ಆ ದುಡ್ಡನ್ನು ಇಲ್ಲಿ, ಊರಿಗೆ ಮರಳಿದವರು ವಿದೇಶಿ ಕರೆನ್ಸಿ ಇಡಬಹುದಾದ ಆರ್‌ಎಫ್‌ಸಿ ಖಾತೆಯಲ್ಲಿ ಡಾಲರಾಗಿಯೇ ಇಡಿ, ಮುಂದೆ ಕಂತಿಗೆ ಅದರಿಂದಲೇ ಕಳಿಸಬಹುದು.